ಆನೆ, ಒಂಟೆ ಮತ್ತು ಬುಧವಾರದ ಕೊನೆಯ ಎರಡು ಪೀರಿಯಡ್

ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಮಾಧ್ಯಮಗಳೆರಡೂ ಒಂದೇ ಆವರಣದಲ್ಲಿ ನಡೆಯುವ ಶಾಲೆಗಳ ಮುಖ್ಯೋಪಾಧ್ಯಾಯರಿಗೆ,

ಮಾನ್ಯರೇ,

ಬರುವ ಜೂನ್ ತಿಂಗಳಿನಿಂದ ನಿಮ್ಮ ಶಾಲೆಯ ಯು.ಪಿ. ವಿಭಾಗದ ಮಕ್ಕಳಿಗೆ, ಅಂದರೆ ಐದು, ಆರು, ಏಳನೇ ತರಗತಿಯವರಿಗೆ, ವಾರಕ್ಕೊಮ್ಮೆ ಚೆಸ್ ಕ್ಲಬ್ ನಡೆಸಿಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಇಂಥದೇ ಒಂದು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈಗ ನಮ್ಮೂರಿನ ವಾಚನಾಲಯದಲ್ಲಿ ಭಾನುವಾರ ಮಕ್ಕಳಿಗೆ ಚದುರಂಗ ಹೇಳಿಕೊಡುತ್ತೇನೆ. ಅಲ್ಲಿ ಕಣ್ಣಾರೆ ಕಂಡದ್ದನ್ನೇ ಇಲ್ಲಿ ಬರೆದಿದ್ದೇನೆ.

ಜಿಲ್ಲೆಯ ಎಲ್ಲ ಶಾಲೆಗಳನ್ನು ಬಿಟ್ಟು ನಿಮ್ಮನ್ನೇ ಏಕೆ ಕೇಳುತ್ತಿದ್ದೇನೆಂದು ಹೇಳಬೇಕು. ನಿಮ್ಮ ಶಾಲೆಯ ಅಂಗಳ ಒಂದು, ಬಾವಿ ಒಂದು, ಮಧ್ಯಾಹ್ನದ ಊಟದ ಅಡುಗೆಮನೆ ಒಂದು. ಆದರೆ ಒಂದನೇ ತರಗತಿಗೆ ಸೇರಿದ ದಿನವೇ ಮಕ್ಕಳು ಎರಡು ಸಾಲಾಗುತ್ತಾರೆ. ಕನ್ನಡ ವಿಭಾಗದ ಮಗು ಮಲಯಾಳ ವಿಭಾಗದ ಮಗುವಿನ ಪಕ್ಕದಲ್ಲಿ ಬೆಂಚಿನ ಮೇಲೆ ಕೂರುವ ಪ್ರಸಂಗವೇ ಬರುವುದಿಲ್ಲ. ಪಾಠ ಬೇರೆ, ಅಧ್ಯಾಪಕರು ಬೇರೆ, ಕಲೋತ್ಸವದ ಸ್ಪರ್ಧೆಗಳಲ್ಲೂ ಎಷ್ಟೋ ಬೇರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ತಾಯ್ನುಡಿಯಲ್ಲಿ ಕಲಿಯುವ ಹಕ್ಕು ಉಳಿಯಬೇಕಾದರೆ ತರಗತಿಗಳು ಬೇರೆಯಾಗಿಯೇ ಇರಬೇಕು. ಆದರೆ ವಾರದಲ್ಲಿ ಒಂದು ಗಂಟೆಯಾದರೂ ಈ ಎರಡು ಸಾಲಿನ ಮಕ್ಕಳು ಎದುರೆದುರು ಕೂತು ಒಂದೇ ವಿಷಯಕ್ಕೆ ತಲೆ ಓಡಿಸುವಂತಾಗಬೇಕು. ಅದಕ್ಕೆ ಚೆಸ್ಸಿನಷ್ಟು ಒದಗಿಬರುವ ಬೇರೊಂದನ್ನು ನಾನು ಕಂಡಿಲ್ಲ. ಮಾತು ಬಾರದಿದ್ದರೂ ಆಡಬಹುದು, ಆಡುತ್ತಾ ಹೋದಂತೆ ಮಾತು ಬೇಕಾಗುತ್ತದೆ.

ಚೆಸ್ ಆಡಿದರೆ ಗಣಿತದಲ್ಲಿ ಅಂಕ ಹೆಚ್ಚುತ್ತದೆ ಎಂದು ಪಿ.ಟಿ.ಎ. ಸಭೆಯಲ್ಲಿ ಹೇಳಿದರೆ ಒಪ್ಪಿಗೆ ಸುಲಭವಾಗಿ ಸಿಗಬಹುದು. ದಯವಿಟ್ಟು ಹಾಗೆ ಹೇಳಬೇಡಿ. ಇಂಗ್ಲೆಂಡಿನಲ್ಲಿ ನೂರು ಪ್ರಾಥಮಿಕ ಶಾಲೆಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮಕ್ಕಳಿಗೆ ಒಂದು ವರ್ಷ ತರಗತಿಯಲ್ಲೇ ಚೆಸ್ ಕಲಿಸಿ, ಅದು ಮುಗಿದು ಒಂದು ವರ್ಷ ಕಳೆದ ಮೇಲೆ ಗಣಿತದ ಪರೀಕ್ಷೆ ಕೊಟ್ಟು ನೋಡಿದರು. ಚೆಸ್ ಕಲಿತವರಿಗೂ ಕಲಿಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಆ ವರದಿ 2016ರಲ್ಲಿ ಬಂತು. ಅಂಕದ ಆಸೆ ತೋರಿಸಿ ಕ್ಲಬ್ ಕಟ್ಟಿದರೆ, ಓಣಂ ಪರೀಕ್ಷೆಯಲ್ಲಿ ಅಂಕ ಇಳಿದ ಮಗುವನ್ನು ಮನೆಯವರು ಮೊದಲು ಬಿಡಿಸುವುದು ಚೆಸ್ಸಿನಿಂದ. ಹಾಗಾಗಿ ಆಟವನ್ನು ಆಟವೆಂದೇ ಹೇಳಿ ಶುರುಮಾಡುವುದು ಒಳ್ಳೆಯದು.

ಈಗ ಸಮಯದ ಮಾತು. ಇಂಥ ಕ್ಲಬ್ಬುಗಳು ಬಾಡಿಹೋಗುವುದು ಹೆಚ್ಚಾಗಿ ಹೊತ್ತಲ್ಲದ ಹೊತ್ತಿನಲ್ಲಿ ಇಟ್ಟದ್ದರಿಂದ. ಬೆಳಗ್ಗೆ ಶಾಲೆಗೆ ಮುಂಚೆ ಇಟ್ಟರೆ ಮದ್ರಸ ಮುಗಿಸಿ ಬರುವ ಮಕ್ಕಳು ತಪ್ಪಿಹೋಗುತ್ತಾರೆ. ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದವಿದೆ, ಅದರಲ್ಲೇ ಆಗಲಿ ಎಂದು ಹಲವರಿಗೆ ತೋರುತ್ತದೆ. ಆ ಬಿಡುವು ಉದ್ದವಾಗಿರುವುದೇ ಜುಮಾ ನಮಾಜಿಗಾಗಿ. ಉಳಿದ ದಿನಗಳ ಊಟದ ಹೊತ್ತಿನಲ್ಲಿ ಸಾಲು ನಿಂತು ಉಂಡು ತಟ್ಟೆ ತೊಳೆಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಸಂಜೆ ನಾಲ್ಕರ ಮೇಲೆ ಇಟ್ಟರೆ ಗುಡ್ಡದಾಚೆಯ ಮಕ್ಕಳಿಗೆ ಬಸ್ಸು ತಪ್ಪುತ್ತದೆ, ಏಳನೆಯವರಲ್ಲಿ ಕೆಲವರಿಗೆ ಸ್ಕಾಲರ್‌ಶಿಪ್ ಪರೀಕ್ಷೆಯ ತರಬೇತಿ ಇರುತ್ತದೆ, ಮಳೆಗಾಲದ ಕತ್ತಲೆಗೆ ಹೆದರಿ ಹೆಣ್ಣುಮಕ್ಕಳನ್ನು ಮನೆಯವರು ನಿಲ್ಲಲು ಬಿಡುವುದಿಲ್ಲ. ಹೀಗೆ ಒಂದೊಂದೇ ಕಳೆದರೆ ಕೊನೆಗೆ ಉಳಿಯುವವರು ಶಾಲೆಯ ಹತ್ತಿರ ಮನೆಯಿರುವ ನಾಲ್ಕೈದು ಹುಡುಗರು. ನಮ್ಮ ವಾಚನಾಲಯದಲ್ಲಿ ಆದದ್ದೂ ಅದೇ. ಶಾಲೆಯೇ ಇದನ್ನು ಕೈಗೆತ್ತಿಕೊಳ್ಳಬೇಕು ಎಂದು ನಾನು ಹಟ ಹಿಡಿದಿರುವುದು ಆ ಕಾರಣಕ್ಕೆ.

ಹಾಗಾಗಿ ವೇಳಾಪಟ್ಟಿಯ ಒಳಗೇ, ಬುಧವಾರವೋ ಗುರುವಾರವೋ, ಕೊನೆಯ ಎರಡು ಪೀರಿಯಡ್ ಸೇರಿಸಿ ಕೊಡಿ. ಮುಖ್ಯವಾದದ್ದು ಎರಡೂ ಮಾಧ್ಯಮಗಳ ವೇಳಾಪಟ್ಟಿಯಲ್ಲಿ ಅದು ಒಂದೇ ಹೊತ್ತಿಗೆ ಬೀಳಬೇಕು. ಕಲೆ, ವೃತ್ತಿ ಪರಿಚಯ, ದೈಹಿಕ ಶಿಕ್ಷಣದ ಪೀರಿಯಡ್‌ಗಳನ್ನು ಸ್ವಲ್ಪ ಹಿಂದೆಮುಂದೆ ಮಾಡಿದರೆ ಇದು ಕೂಡಿಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೈದಾನ ಕೆಸರು. ಆ ತಿಂಗಳುಗಳಲ್ಲಿ ಆಟದ ಪೀರಿಯಡ್ ಹೇಗೂ ಎಷ್ಟೋ ಶಾಲೆಗಳಲ್ಲಿ ಪಾಠಕ್ಕೆ ಹೋಗುತ್ತದೆ. ಜೂನ್‌ನಲ್ಲಿಯೇ ಶುರುಮಾಡಿ ಎಂದು ಕೇಳುವುದಕ್ಕೆ ಇದೂ ಒಂದು ಕಾರಣ.

ಮೊದಲ ದಿನ ಮೂವತ್ತೆರಡು ಕಾಯಿಗಳನ್ನೂ ಮಣೆಯ ಮೇಲೆ ಇಡಬೇಡಿ. ಆರು ಬಗೆಯ ನಡೆಗಳನ್ನು ಒಂದೇ ಸಲ ಕೇಳಿದ ಮಗುವಿಗೆ ಯಾವುದೂ ನಿಲ್ಲುವುದಿಲ್ಲ. ಎರಡೂ ಕಡೆ ಎಂಟೆಂಟು ಕಾಲಾಳು ಮಾತ್ರ ಇಡಿ, ರಾಜನೂ ಬೇಡ. ಯಾರ ಕಾಲಾಳು ಮೊದಲು ಆಚೆ ಬದಿ ಮುಟ್ಟುತ್ತದೋ ಅವರು ಗೆದ್ದಂತೆ. ಈ ಸಣ್ಣ ಆಟದಲ್ಲಿ ನೇರ ನಡೆದು ಓರೆಯಾಗಿ ಹೊಡೆಯುವುದು ಕೈಗೆ ಹತ್ತುತ್ತದೆ. ಎದುರಿನವನ ಕಾಲಾಳನ್ನು ತಡೆದು ನಿಲ್ಲಿಸುವುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಎರಡನೇ ವಾರ ರಾಜನನ್ನು ಸೇರಿಸಿ, ಮೂರನೇ ವಾರ ಮೂಲೆಯ ಕಾಯಿಯನ್ನು, ಆಮೇಲೆ ಒಂದೊಂದಾಗಿ ಉಳಿದವನ್ನು. ಕುದುರೆ ಕೊನೆಗೆ ಬರಲಿ. ಪೂರ್ತಿ ಆಟ ಶುರುವಾಗುವಾಗ ಜುಲೈ ಕೊನೆಯಾದರೂ ಅಡ್ಡಿಯಿಲ್ಲ.

ಪೂರ್ತಿ ಆಟ ಶುರುವಾದ ವಾರವೇ ಒಂದು ಅಪಾಯವೂ ಶುರುವಾಗುತ್ತದೆ. ಮನೆಯಲ್ಲಿ ಅಣ್ಣನಿಂದಲೋ ಫೋನಿನಲ್ಲೋ ನಾಲ್ಕು ನಡೆಯ ಮಾತ್ ಕಲಿತು ಬಂದ ಹುಡುಗ ಪ್ರತಿ ತರಗತಿಯಲ್ಲೂ ಒಬ್ಬನಿರುತ್ತಾನೆ. ಬಿಳಿ ಕಾಲಾಳು e4, ಕಪ್ಪು e5. ಬಿಳಿ ಒಂಟೆ c4ಕ್ಕೆ ಬರುತ್ತದೆ, ಕಪ್ಪು ಕುದುರೆ c6ಕ್ಕೆ. ಬಿಳಿ ಮಂತ್ರಿ h5ಕ್ಕೆ ಬಂದು ನಿಲ್ಲುತ್ತದೆ. ಹೊಸದಾಗಿ ಕಲಿತ ಮಗು ಮಂತ್ರಿಯನ್ನು ಓಡಿಸಬೇಕೆಂದು ಇನ್ನೊಂದು ಕುದುರೆಯನ್ನು f6ಕ್ಕೆ ತರುತ್ತದೆ. ಮುಂದಿನ ನಡೆಗೆ ಮಂತ್ರಿ f7ರ ಕಾಲಾಳನ್ನು ಹೊಡೆದು ಆಟ ಮುಗಿಯಿತು. ಒಂಟೆಯ ಬೆಂಬಲ ಇರುವುದರಿಂದ ರಾಜ ಆ ಮಂತ್ರಿಯನ್ನು ಹೊಡೆಯುವ ಹಾಗಿಲ್ಲ. ಸುತ್ತ ನಿಂತವರು ನಗುತ್ತಾರೆ. ಹೀಗೆ ಎರಡು ಸಲ ಸೋತ ಮಗು ಮೂರನೇ ವಾರ ಹೊಟ್ಟೆನೋವು ಎನ್ನುತ್ತದೆ. ನನ್ನಲ್ಲಿಂದ ಬಿಟ್ಟುಹೋದ ಮಕ್ಕಳಲ್ಲಿ ಹೆಚ್ಚಿನವರು ಬಿಟ್ಟದ್ದು ಈ ಹಂತದಲ್ಲಿ.

ಅದಕ್ಕೆ ಪೂರ್ತಿ ಆಟ ಆಡಿಸುವ ಮುಂಚಿನ ವಾರವೇ ಈ ಒಂದು ಪ್ರಸಂಗವನ್ನು ಕರಿಹಲಗೆಯ ಮೇಲೆ ಬಿಡಿಸಿ ಎಲ್ಲರಿಗೂ ತೋರಿಸಿ. ಮಂತ್ರಿ h5ಕ್ಕೆ ಬಂದಾಗ ಕಪ್ಪಿನವರು g ಸಾಲಿನ ಕಾಲಾಳನ್ನು ಒಂದು ಮನೆ ಮುಂದೆ, g6ಕ್ಕೆ, ತಂದರೆ ಸಾಕು. ಮಂತ್ರಿಯ ದಾರಿ ಮುಚ್ಚಿತು, ಮಂತ್ರಿಗೇ ಹೊಡೆತದ ಭಯ ಬಂತು. ಅದು f3ಕ್ಕೆ ಸರಿದು ಮತ್ತೆ f7ರ ಮೇಲೆ ಕಣ್ಣಿಟ್ಟರೆ, ಈಗ ಕುದುರೆಯನ್ನು f6ಕ್ಕೆ ತರಬಹುದು. ಅದೇ ಕುದುರೆ, ಅದೇ ಮನೆ. ಒಂದು ನಡೆ ಮುಂಚೆ ಸೋಲು, ಒಂದು ನಡೆ ತಡವಾಗಿ ರಕ್ಷಣೆ. ಇಷ್ಟು ತೋರಿಸಿದ ಮೇಲೆ ಮಕ್ಕಳು g6 ಎಂಬುದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಾರೆ. ಆಗ ಇನ್ನೊಂದನ್ನು ತೋರಿಸಬೇಕು. ಬಿಳಿಯವರು ಒಂಟೆಯನ್ನು ತರದೆ ಎರಡನೇ ನಡೆಗೇ ಮಂತ್ರಿಯನ್ನು h5ಕ್ಕೆ ತಂದಾಗ, c6ಕ್ಕೆ ಕುದುರೆ ಇನ್ನೂ ಬಂದಿರುವುದಿಲ್ಲ. ಆಗ g6 ಆಡಿದರೆ ಮಂತ್ರಿ e5ರ ಕಾಲಾಳನ್ನು ಹೊಡೆದು ರಾಜನಿಗೆ ಚೆಕ್ ಕೊಡುತ್ತದೆ, ಮರುನಡೆಗೆ h8ರ ಮೂಲೆಯ ಕಾಯಿಯನ್ನೂ ಹೊಡೆದುಕೊಂಡು ಹೋಗುತ್ತದೆ. ಮೊದಲು ಕುದುರೆ c6ಕ್ಕೆ ಬಂದು e5ನ್ನು ಕಾಯಬೇಕು, ಆಮೇಲೆ g6. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಏಕೆ ಹೀಗಾಯಿತು ಎಂದು ಮಕ್ಕಳಿಂದಲೇ ಹೇಳಿಸಿದರೆ ಆ ದಿನದ ಮಟ್ಟಿಗೆ ಬೇರೆ ಪಾಠ ಬೇಡ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ತಿಂಗಳಲ್ಲಿ ಒಂದು ವಾರ ಜೋಡಿ ಆಟ ಆಡಿಸಿ. ಒಂದು ಮಣೆಗೆ ನಾಲ್ವರು, ಈ ಕಡೆ ಇಬ್ಬರು, ಆ ಕಡೆ ಇಬ್ಬರು. ಪ್ರತಿ ಜೋಡಿಯಲ್ಲೂ ಒಂದು ಮಗು ಕನ್ನಡ ವಿಭಾಗದ್ದು, ಒಂದು ಮಲಯಾಳ ವಿಭಾಗದ್ದು. ಪ್ರತಿ ನಡೆಯನ್ನೂ ಇಬ್ಬರೂ ಮಾತಾಡಿಕೊಂಡೇ ಆಡಬೇಕು, ಕಾಯಿಯನ್ನು ಮುಟ್ಟುವ ಸರದಿ ಇಬ್ಬರ ನಡುವೆ ಬದಲಾಗುತ್ತಿರಬೇಕು. ನಮ್ಮಲ್ಲಿ ಹೆಚ್ಚಿನವರು ಮೂಲೆಯ ಕಾಯಿಗೆ ಆನೆ ಎನ್ನುತ್ತೇವೆ, ಓರೆಯಾಗಿ ಓಡುವುದಕ್ಕೆ ಒಂಟೆ. ಮಲಯಾಳದಲ್ಲಿ ಮೂಲೆಯದು ತೇರು. ಅವರ ಆನ ಓರೆಯಾಗಿ ಓಡುವುದು, ಅಂದರೆ ನಮ್ಮ ಒಂಟೆ. ವಾಚನಾಲಯದಲ್ಲಿ ಮೊದಲ ಸಲ ಹೀಗೆ ಆಡಿಸಿದಾಗ ಕನ್ನಡದ ಹುಡುಗಿ ‘ಆನೆ ನಡೆಸು’ ಎಂದಳು, ಜೊತೆಗಿದ್ದ ಮಲಯಾಳದ ಹುಡುಗ ಒಂಟೆಯನ್ನು ಮುಟ್ಟಿಯೇಬಿಟ್ಟ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬುದು ನಿಯಮ. ಎದುರಿನ ಜೋಡಿ ಪಟ್ಟು ಹಿಡಿಯಿತು, ಇವರ ಮಂತ್ರಿ ಹೋಯಿತು. ಮರುವಾರ ಇಬ್ಬರೂ ಒಂದು ರಟ್ಟಿನ ಮೇಲೆ ಆರು ಕಾಯಿಗಳ ಚಿತ್ರ ಬಿಡಿಸಿ, ಒಂದು ಬದಿ ಕನ್ನಡ ಹೆಸರು, ಇನ್ನೊಂದು ಬದಿ ಮಲಯಾಳದ ಹೆಸರು ಬರೆದು ತಂದರು. ಅವಳು ಅವನ ಲಿಪಿಯಲ್ಲಿ ಬರೆದಿದ್ದಳು, ಅವನು ಅವಳ ಲಿಪಿಯಲ್ಲಿ. ಹಾಗೆ ಬರೆಯಿರಿ ಎಂದು ನಾನು ಹೇಳಿರಲಿಲ್ಲ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಆಡುವ ಮಕ್ಕಳೂ ನಿಮ್ಮ ಶಾಲೆಯಲ್ಲಿರುತ್ತಾರೆ. ಅವರ ಮನೆಯ ಹೆಸರುಗಳನ್ನೂ ಆ ರಟ್ಟಿಗೆ ಸೇರಿಸಲು ಹೇಳಿ. ಮಣೆಯ ಮನೆಗಳನ್ನು ಹೆಸರಿಸುವ a, b, c ಅಕ್ಷರಗಳೂ ಅಂಕೆಗಳೂ ಎಲ್ಲರಿಗೂ ಒಂದೇ ಆದ್ದರಿಂದ ಆಟವನ್ನು ಬರೆದಿಡುವಾಗ ಈ ಗೊಂದಲ ಬರುವುದಿಲ್ಲ.

ಇನ್ನೊಂದು ಜಗಳ ಬಂದೇ ಬರುತ್ತದೆ. ‘ನಮ್ಮಜ್ಜ ಹೇಳಿಕೊಟ್ಟದ್ದು ಹೀಗಲ್ಲ’ ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ. ಅಜ್ಜನ ಮಾತೂ ಸುಳ್ಳಲ್ಲ. ನಮ್ಮ ನಾಡಿನ ಹಳೆಯ ಪದ್ಧತಿಯಲ್ಲಿ ಚೆಕ್ ಬೀಳುವ ಮುಂಚೆ ರಾಜ ಒಮ್ಮೆ ಕುದುರೆಯ ಹಾಗೆ ಹಾರಬಹುದಿತ್ತು, ಕ್ಯಾಸ್ಲಿಂಗ್ ಇರಲಿಲ್ಲ, ಕೊನೆಯ ಮನೆ ತಲುಪಿದ ಕಾಲಾಳು ಆ ಸಾಲಿನ ಕಾಯಿಯೇ ಆಗಬೇಕಿತ್ತು. ಅದು ತಪ್ಪು ಎಂದು ಮಗುವಿನ ಮುಂದೆ ಹೇಳಬೇಡಿ. ಅಜ್ಜನದು ಹಳೆಯ ಆಟ, ಕ್ಲಬ್ಬಿನಲ್ಲಿ ಆಡುವುದು ಈಗ ಎಲ್ಲ ದೇಶಗಳಲ್ಲಿ ನಡೆಯುವ ಆಟ ಎಂದು ತಿಳಿಸಿ, ನಿಯಮಗಳನ್ನು ಎರಡೂ ಭಾಷೆಯಲ್ಲಿ ಗೋಡೆಗೆ ಅಂಟಿಸಿ. ಸಾಧ್ಯವಾದರೆ ಒಂದು ದಿನ ಆ ಅಜ್ಜನನ್ನೇ ಶಾಲೆಗೆ ಕರೆಸಿ.

ಖರ್ಚು ದೊಡ್ಡದಲ್ಲ. ನಲವತ್ತು ಮಕ್ಕಳಿಗೆ ಇಪ್ಪತ್ತು ಸೆಟ್ ಬೇಕು. ಜೋಡಿ ಆಟದಿಂದ ಶುರುಮಾಡಿದರೆ ಹತ್ತೇ ಸಾಕು. ಮಡಚುವ ಮರದ ಪೆಟ್ಟಿಗೆ, ಅಯಸ್ಕಾಂತದ ಸಣ್ಣ ಮಣೆ ಕೊಳ್ಳಬೇಡಿ; ಸುರುಳಿ ಸುತ್ತುವ ರೆಕ್ಸಿನ್ ಮಣೆ, ದಪ್ಪ ಪ್ಲಾಸ್ಟಿಕ್ ಕಾಯಿ ಇರಲಿ. ರೆಕ್ಸಿನ್ ಮಣೆ ನಮ್ಮ ತರಗತಿಯ ಕಿರಿದಾದ ಡೆಸ್ಕಿನ ಮೇಲೆ ನಿಲ್ಲುವುದಿಲ್ಲ, ಅಂಚು ಜೋತುಬಿದ್ದು ಕಾಯಿಗಳು ಉರುಳುತ್ತವೆ. ಎರಡು ಡೆಸ್ಕ್ ಜೋಡಿಸಬೇಕು, ಇಲ್ಲವೇ ಸಭಾಂಗಣದ ನೆಲದ ಮೇಲೆ ಚಾಪೆ ಹಾಸಬೇಕು. ಒಂದೊಂದು ಸೆಟ್ಟಿಗೆ ಒಂದು ಬಟ್ಟೆಯ ಚೀಲ, ಚೀಲಕ್ಕೊಂದು ಸಂಖ್ಯೆ. ಆಟ ಮುಗಿದ ಮೇಲೆ ಮೂವತ್ತೆರಡು ಎಣಿಸಿ ಹಾಕಿದ ಬಳಿಕವೇ ಎದ್ದೇಳಬೇಕು. ಆದರೂ ಕಾಲಾಳು ಕಳೆಯುತ್ತದೆ. ಅದರ ಜಾಗಕ್ಕೆ ಒಂದು ಅಡಕೆ ಇಟ್ಟುಕೊಂಡು ಆಡಿಸಿ, ಆಟ ನಿಲ್ಲಿಸಬೇಡಿ. ಗಡಿಯಾರ ಮೊದಲ ವರ್ಷ ಬೇಡವೇ ಬೇಡ.

ಕಲಿಸುವವರು ಯಾರು ಎಂದು ನೀವು ಕೇಳುವಿರಿ. ತರಬೇತುದಾರರು ಬೇಕಾಗಿಲ್ಲ. ತೃಶೂರು ಜಿಲ್ಲೆಯ ಮರೋಟ್ಟಿಚ್ಚಾಲ್ ಎಂಬ ಹಳ್ಳಿಯಲ್ಲಿ ಚಹಾದಂಗಡಿಯ ಉಣ್ಣಿಕೃಷ್ಣನ್ ಎಂಬವರು ತಾವು ಕಲಿತ ಆಟವನ್ನು ಅಂಗಡಿಗೆ ಬಂದವರಿಗೆ ಹೇಳಿಕೊಡುತ್ತಾ ಹೋದರು. ಕುಡಿತಕ್ಕೆ ಬಿದ್ದಿದ್ದ ಊರು ಕ್ರಮೇಣ ಚೆಸ್ ಊರೆಂದು ಹೆಸರಾಯಿತು. ಅವರ ಬಳಿ ಇದ್ದದ್ದು ಒಂದು ಮೇಜು ಮತ್ತು ತಾಳ್ಮೆ. ನಿಮ್ಮಲ್ಲಿ ಆಟ ಬಲ್ಲ ಅಧ್ಯಾಪಕರು ಒಬ್ಬರಿದ್ದರೆ ಸಾಕು, ಆದರೆ ಜವಾಬ್ದಾರಿ ಇಬ್ಬರದಾಗಿರಲಿ, ಒಂದೊಂದು ಮಾಧ್ಯಮದಿಂದ ಒಬ್ಬರು. ಒಬ್ಬರಿಗೆ ವರ್ಗಾವಣೆಯಾದರೆ ಕ್ಲಬ್ ನಿಲ್ಲಬಾರದು. ಏಳನೆಯ ನಾಲ್ವರು ಮಕ್ಕಳಿಗೆ, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಚೀಲಗಳ ಮತ್ತು ಹಾಜರಿ ಪುಸ್ತಕದ ಹೊಣೆ ಕೊಡಿ.

ಉಪಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಚೆಸ್ ಸ್ಪರ್ಧೆ ಇದೆ. ನಿಮ್ಮ ಮಕ್ಕಳು ಹೋಗಲಿ, ಗೆಲ್ಲಲಿ, ನಾನೂ ಸಂತೋಷಪಡುತ್ತೇನೆ. ಆದರೆ ವಾರದ ಆ ಹೊತ್ತನ್ನು ತಂಡದ ಆಯ್ಕೆಗೆ ಬಳಸಿದ ದಿನದಿಂದ ಉಳಿದವರು ಗೋಡೆಗೆ ಒರಗಿ ನೋಡುವವರಾಗುತ್ತಾರೆ. ಆಯ್ಕೆಯನ್ನು ಬೇರೆ ದಿನ ಮಾಡಿ. ಕ್ಲಬ್ಬಿನಲ್ಲಿ ಗೆದ್ದವರಿಗೆ ಒಂದು ಅಂಕ, ಸರಿಸಮವಾದರೆ ಅರ್ಧ ಎಂದು ಬರೆದಿಟ್ಟು, ಮುಂದಿನ ವಾರ ಸಮಾನ ಅಂಕದವರನ್ನೇ ಎದುರುಬದುರು ಕೂರಿಸಿ. ಮೂರು ನಾಲ್ಕು ವಾರಗಳಲ್ಲಿ ಪ್ರತಿ ಮಗುವಿಗೂ ತನ್ನ ಸರಿಜೋಡಿ ಸಿಗುತ್ತದೆ, ನಾಲ್ಕು ನಡೆಯಲ್ಲಿ ಗೆಲ್ಲುವ ಹುಡುಗನೂ ತನ್ನಂಥವನ ಎದುರೇ ಕೂರಬೇಕಾಗುತ್ತದೆ. ಆಟ ಮುಗಿದ ಮೇಲೆ ಸೋತವರೂ ಗೆದ್ದವರೂ ಸೇರಿ ಕಾಯಿಗಳನ್ನು ಹಿಂದಕ್ಕೆ ಜೋಡಿಸಿ, ಎಲ್ಲಿ ಆಟ ತಿರುಗಿತೆಂದು ಒಂದು ವಾಕ್ಯ ಹೇಳುವ ರೂಢಿ ಮಾಡಿಸಿ. ಗೆದ್ದ ಮಗು ಮೊದಲು ಹೇಳಬೇಕು, ಎದುರಿನವರ ಯಾವ ನಡೆ ತನಗೆ ಕಷ್ಟ ಕೊಟ್ಟಿತೆಂದು.

ಕ್ಲಬ್ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಕಪ್‌ಗಳನ್ನು, ಫಲಕಗಳನ್ನು ಎಣಿಸಬೇಡಿ. ಕ್ರಿಸ್ಮಸ್ ಪರೀಕ್ಷೆಗೆ ಮುಂಚೆ ಒಂದು ದಿನ ಹಾಜರಿ ಪುಸ್ತಕ ತರಿಸಿ. ಜುಲೈಯಲ್ಲಿ ಸತತ ಸೋತ ಮಕ್ಕಳ ಹೆಸರಿಗೆ ಗುರುತು ಹಾಕಿ, ಅವರಲ್ಲಿ ಎಷ್ಟು ಮಂದಿ ಇನ್ನೂ ಬರುತ್ತಿದ್ದಾರೆಂದು ನೋಡಿ. ಹೆಣ್ಣುಮಕ್ಕಳ ಸಂಖ್ಯೆ ಇಳಿದಿದೆಯೇ ನೋಡಿ. ಇಳಿದಿದ್ದರೆ ಅವರು ಬಹುಶಃ ಒಬ್ಬೊಬ್ಬರೇ ಹುಡುಗರ ನಡುವೆ ಕೂರಬೇಕಾಗಿ ಬಂದಿದೆ, ಅವರನ್ನು ಇಬ್ಬಿಬ್ಬರನ್ನಾಗಿ ಅಕ್ಕಪಕ್ಕದ ಮಣೆಗಳಲ್ಲಿ ಕೂರಿಸಿ. ಜೋಡಿ ಆಟದ ದಿನ ಮಕ್ಕಳೇ ತಮ್ಮ ಜೊತೆಗಾರರನ್ನು ಆರಿಸಿಕೊಳ್ಳಲು ಬಿಟ್ಟು ನೋಡಿ. ಆಗಲೂ ಕೆಲವರು ಆಚೆ ವಿಭಾಗದವರ ಪಕ್ಕ ಹೋಗಿ ಕೂತರೆ ನಾನು ಈ ಪತ್ರ ಬರೆದ ಉದ್ದೇಶ ನಿಮ್ಮ ಶಾಲೆಯಲ್ಲಿ ನೆರವೇರಿದೆ ಎಂದು ತಿಳಿಯುತ್ತೇನೆ.

ನಾನು ನಿಮ್ಮನ್ನು ಕೇಳುವುದು ಇಷ್ಟು: ಮೇ ತಿಂಗಳಲ್ಲಿ ವೇಳಾಪಟ್ಟಿ ತಯಾರಿಸುವಾಗ ಎರಡೂ ಮಾಧ್ಯಮಗಳಿಗೆ ಒಂದೇ ದಿನದ ಕೊನೆಯ ಎರಡು ಪೀರಿಯಡ್ ಬಿಡಿಸಿಡಿ, ಇಬ್ಬರು ಅಧ್ಯಾಪಕರನ್ನು ಹೆಸರಿಸಿ, ಪಿ.ಟಿ.ಎ.ಯ ಮೊದಲ ಸಭೆಯಲ್ಲಿ ಹತ್ತು ಸೆಟ್ಟುಗಳ ಮಾತು ಎತ್ತಿ. ಮೊದಲ ನಾಲ್ಕು ವಾರ ಆಟ ತೋರಿಸಿಕೊಡಲು ಯಾರೂ ಸಿಗದಿದ್ದರೆ, ಬಸ್ಸು ಹೋಗುವ ಯಾವ ಶಾಲೆಗಾದರೂ ನಾನು ಬರುತ್ತೇನೆ. ಸಂಭಾವನೆ ಬೇಡ.

ಇತಿ ತಮ್ಮ ವಿಶ್ವಾಸಿ,

ನಿವೃತ್ತ ಗಣಿತ ಅಧ್ಯಾಪಿಕೆ,
ಬದಿಯಡ್ಕ, ಕಾಸರಗೋಡು ಜಿಲ್ಲೆ